ಸ್ಕೂಲಲ್ಲಿ ಮೊಬೈಲ್: ಗೇಟಿಂದ ಒಳಗೇ ಬೇಡ್ವಾ, ಬ್ಯಾಗಲ್ಲಿ ಇರ್ಲಾ, ಬೆಳಿಗ್ಗೆ ಇಸ್ಕೊಂಡು ಸಂಜೆ ಕೊಡೋದಾ?

ಜೂನಲ್ಲಿ ಸ್ಕೂಲು ಶುರುವಾಗಿ ಎರಡು ವಾರಕ್ಕೆ ನಮ್ಮಲ್ಲಿ ಪೋಷಕರ ಸಭೆ ಕರೀತೀವಿ, ಫೀಸು, ಯೂನಿಫಾರ್ಮು, ಬಸ್ ಪಾಸು ಎಲ್ಲಾ ಮುಗಿದ್ಮೇಲೆ ಯಾರಾದ್ರೂ ಒಬ್ರು ಎದ್ದು ಮೊಬೈಲ್ ವಿಷಯ ತೆಗೀತಾರೆ, ಆಮೇಲೆ ಒಂದು ಗಂಟೆ ಬೇರೆ ಮಾತೇ ಇಲ್ಲ. ಒಬ್ರು ಅಪ್ಪ "ಮೇಷ್ಟ್ರೇ, ಮೊಬೈಲು ಗೇಟಿಂದ ಒಳಗೇ ಬರ್ಬಾರ್ದು, ನೀವು ಬಿಗಿ ಮಾಡಿದ್ರೆ ಮಕ್ಕಳು ಸರಿ ಹೋಗ್ತಾವೆ" ಅಂತಾರೆ, ಹಿಂದಿನ ಸಾಲಲ್ಲಿ ಕೂತಿರೋ ಅಮ್ಮ "ಸಾರ್, ನನ್ ಮಗಳು ಸ್ಪೆಷಲ್ ಕ್ಲಾಸ್ ಮುಗಿಸಿ ಆರು ಗಂಟೆಗೆ ಹೊರಡ್ತಾಳೆ, ಬಸ್ ತಪ್ಪಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು" ಅಂತ ಕೇಳ್ತಾರೆ. ಇಬ್ರು ಹೇಳೋದೂ ಸರಿ, ಅದಕ್ಕೇ ಈ ಜಗಳ ಮುಗಿಯಲ್ಲ.

ನಾನು ತಾಲ್ಲೂಕು ಊರಲ್ಲಿರೋ ಒಂದು ಅನುದಾನಿತ ಹೈಸ್ಕೂಲಲ್ಲಿ 18 ವರ್ಷದಿಂದ ವಿಜ್ಞಾನ ಪಾಠ ಮಾಡ್ತಿದೀನಿ, ಎಂಟರಿಂದ ಹತ್ತರವರೆಗೆ ಸುಮಾರು 300 ಮಕ್ಕಳು. ಇಷ್ಟು ವರ್ಷದಲ್ಲಿ ನಾವು ಪೂರ್ತಿ ಬ್ಯಾನ್ ಮಾಡಿ ನೋಡಿದೀವಿ, ಬ್ಯಾಗಲ್ಲಿ ಆಫ್ ಮಾಡಿ ಇಟ್ಕೊಳ್ಳಿ ಅಂತ ಬಿಟ್ಟು ನೋಡಿದೀವಿ, ಈಗ ಮೂರು ವರ್ಷದಿಂದ ಬೆಳಿಗ್ಗೆ ಇಸ್ಕೊಂಡು ಸಂಜೆ ವಾಪಸ್ ಕೊಡ್ತಿದೀವಿ. ನಿಮ್ಮ ಸ್ಕೂಲಲ್ಲೂ ಇದೇ ಚರ್ಚೆ ನಡೀತಿದ್ರೆ, ಯಾವುದು ಆರಿಸ್ಕೊಂಡ್ರೆ ಏನಾಗುತ್ತೆ ಅಂತ ನಾನು ಕಂಡಿದ್ದನ್ನ ಹೇಳ್ತೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, "ಮೊಬೈಲ್ ಬೇಕಾ ಬೇಡ್ವಾ" ಅಂತ ಕೇಳಿದ್ರೆ ಉತ್ತರ ಸಿಗಲ್ಲ, "ಮೊದಲನೇ ಬೆಲ್ಲಿಂದ ಕೊನೇ ಬೆಲ್ಲಿನವರೆಗೆ ಆ ಫೋನು ಎಲ್ಲಿರುತ್ತೆ, ಯಾರ ಜವಾಬ್ದಾರಿಲಿ ಇರುತ್ತೆ" ಅಂತ ಕೇಳಿದ್ರೆ ಸಿಗುತ್ತೆ.

ಒಂದು: ಸ್ಕೂಲಿಗೆ ತರೋದೇ ಬೇಡ

ಕೇಳಕ್ಕೆ ಇದು ಬಹಳ ಸುಲಭ. ಹಳೇ ನಿಯಮ ಕೂಡ ಇದೇ, ಸಿಬಿಎಸ್‌ಇ 2009ರಲ್ಲೇ ತನ್ನ ಸ್ಕೂಲುಗಳಿಗೆ ಮೊಬೈಲ್ ಬೇಡ ಅಂತ ಸುತ್ತೋಲೆ ಕಳ್ಸಿತ್ತು, ಆಂಧ್ರದಲ್ಲಿ 2023ರಲ್ಲಿ ಸರ್ಕಾರವೇ ಸ್ಕೂಲುಗಳಲ್ಲಿ ನಿಷೇಧ ಮಾಡ್ತು. ನಿಮ್ಮ ಸ್ಕೂಲು ಚಿಕ್ಕದಾಗಿದ್ದು, ಮಕ್ಕಳೆಲ್ಲಾ ನಡ್ಕೊಂಡು ಬರೋಷ್ಟು ಹತ್ರದವರಾಗಿದ್ರೆ, ಇಲ್ಲಾ ಏಳನೇ ಕ್ಲಾಸಿನವರೆಗೆ ಮಾತ್ರ ಇದ್ರೆ, ಇದನ್ನೇ ಆರಿಸ್ಕೊಳ್ಳಿ, ಬೇರೆ ಯೋಚನೆ ಬೇಡ. ಹತ್ತು ವರ್ಷದ ಮಗು ಸ್ಕೂಲಿಗೆ ಸ್ಮಾರ್ಟ್‌ಫೋನ್ ತರೋಕೆ ನಂಗಂತೂ ಒಂದು ಕಾರಣ ಕಾಣ್ಸಲ್ಲ.

ಆದ್ರೆ ನಮ್ಮಂಥ ಕಡೆ, ಸುತ್ತ ಹತ್ತು ಹದಿನೈದು ಕಿಲೋಮೀಟರ್ ದೂರದ ಹಳ್ಳಿಗಳಿಂದ ಬಸ್ಸಲ್ಲಿ ಬರೋ ಮಕ್ಕಳಿರೋ ಕಡೆ, ಇದು ಕಾಗದದ ಮೇಲೆ ಮಾತ್ರ ಉಳಿಯುತ್ತೆ. ಪೂರ್ತಿ ಬ್ಯಾನ್ ಮಾಡಿದ ವರ್ಷ ನಾವೆಲ್ಲಾ ಖುಷಿಯಾಗಿದ್ವಿ, ಬ್ಯಾಗ್ ಚೆಕ್ ಮಾಡಿದ್ರೆ ಫೋನೇ ಸಿಕ್ತಿರ್ಲಿಲ್ಲ, ಅಬ್ಬಾ ಮಕ್ಕಳು ಮಾತು ಕೇಳಿದ್ರು ಅಂದ್ಕೊಂಡ್ವಿ. ಆಮೇಲೆ ಒಂದಿನ ಸಂಜೆ ಗೇಟಿನ ಪಕ್ಕದ ಪೆಟ್ಟಿಗೆ ಅಂಗಡಿ ಮುಂದೆ ಸಾಲು ನಿಂತಿದ್ದ ಹುಡುಗರನ್ನ ನೋಡಿ ಏನಪ್ಪಾ ಅಂತ ಹೋದ್ರೆ, ಅಂಗಡಿಯವರು ಬಿಸ್ಕತ್ ಡಬ್ಬದಿಂದ ಒಂದೊಂದೇ ಫೋನ್ ತೆಗ್ದು ಕೊಡ್ತಿದ್ರು, ಒಂದಕ್ಕೆ ದಿನಕ್ಕೆ 5 ರೂಪಾಯಿ. ಫೋನುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಚೀಟಿ ಬೇರೆ ಸಿಕ್ಕಿಸಿದ್ರು. ಒಂದು ಹುಡುಗೀದು ಅಕ್ಕನ ಫೋನು, ಅದು ಮಳೆಗಾಲದಲ್ಲಿ ಆ ಡಬ್ಬದೊಳಗೆ ನೀರು ಹೋಗಿ ಹಾಳಾಗಿದ್ದಕ್ಕೆ ಆ ಮಗು ಮನೇಲಿ ಹೇಳಕ್ಕಾಗ್ದೆ ಮೂರು ದಿನ ಸ್ಕೂಲಿಗೇ ಬಂದಿರ್ಲಿಲ್ಲ, ನಮಗೆ ಜ್ವರ ಅಂತ ಹೇಳಿತ್ತು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ ಅಂತ ನಂಗೆ ಆಮೇಲೆ ಗೊತ್ತಾಯ್ತು. ನ್ಯೂಯಾರ್ಕ್ ನಗರದಲ್ಲಿ ಸ್ಕೂಲಿಗೆ ಫೋನ್ ತರೋ ಹಾಗಿಲ್ಲ ಅನ್ನೋ ನಿಯಮ ಇದ್ದಾಗ ಸ್ಕೂಲುಗಳ ಹೊರಗೆ ವ್ಯಾನ್ ನಿಲ್ಸಿ ದಿನಕ್ಕೆ 1 ಡಾಲರ್ ತಗೊಂಡು ಮಕ್ಕಳ ಫೋನ್ ಇಟ್ಕೊಳ್ಳೋ ವ್ಯಾಪಾರವೇ ನಡೀತಿತ್ತು. ಗೇಟಲ್ಲಿ ಮೆಟಲ್ ಡಿಟೆಕ್ಟರ್ ಇದ್ದ ಸ್ಕೂಲುಗಳಲ್ಲಿ, ಅಂದ್ರೆ ಹೆಚ್ಚಾಗಿ ಬಡವರ ಮಕ್ಕಳು ಓದೋ ಕಡೆ, ಆ ಡಾಲರ್ ಕೊಡ್ಲೇಬೇಕಿತ್ತು, ಬೇರೆ ಕಡೆ ಮಕ್ಕಳು ಜೇಬಲ್ಲಿಟ್ಕೊಂಡು ಆರಾಮಾಗಿ ಹೋಗ್ತಿದ್ರು. 2015ರಲ್ಲಿ ಆ ನಿಷೇಧ ತೆಗೆದ್ರು, ತೆಗೆಯೋಕೆ ಕೊಟ್ಟ ಕಾರಣಗಳಲ್ಲಿ ಈ ಭೇದವೂ ಒಂದು. ಹತ್ತು ವರ್ಷ ಆದ್ಮೇಲೆ 2025ರ ಸೆಪ್ಟೆಂಬರಿಂದ ನ್ಯೂಯಾರ್ಕ್ ರಾಜ್ಯ ಪೂರ್ತಿ ಮತ್ತೆ ನಿಯಮ ತಂತು, ಆದ್ರೆ ಈ ಸಲ ಶುರುವಿನ ಬೆಲ್ಲಿಂದ ಕೊನೇ ಬೆಲ್ಲಿನವರೆಗೆ ಮಕ್ಕಳು ಸ್ಮಾರ್ಟ್‌ಫೋನ್ ಬಳಸೋ ಹಾಗಿಲ್ಲ, ತಂದಿದ್ದನ್ನ ಎಲ್ಲಿಡ್ಬೇಕು ಅನ್ನೋ ವ್ಯವಸ್ಥೆ ಸ್ಕೂಲುಗಳೇ ಮಾಡ್ಬೇಕು ಅಂತ. "ತರಬೇಡ" ಅನ್ನೋದ್ರಿಂದ "ತಂದ್ರೆ ಇಲ್ಲಿ ಇಡು" ಅನ್ನೋ ಕಡೆಗೆ ಬಂದ್ರು ಅಂತ ನಾನು ಓದ್ಕೊಳ್ತೀನಿ.

ದೆಹಲಿ ಹೈಕೋರ್ಟು ಕೂಡ 2025ರಲ್ಲಿ ಒಂದು ಕೇಂದ್ರೀಯ ವಿದ್ಯಾಲಯದ ವಿದ್ಯಾರ್ಥಿಯ ಕೇಸಲ್ಲಿ ಹತ್ತಿರತ್ತಿರ ಇದೇ ಮಾತು ಹೇಳಿದೆ. ಫೋನ್ ತರೋದನ್ನೇ ಸಾರಾಸಗಟಾಗಿ ನಿಲ್ಸೋದು ಸರಿಯಾದ ದಾರಿ ಅಲ್ಲ, ಆದ್ರೆ ಬಳಕೆಗೆ ಹದ್ದುಬಸ್ತು ಇರ್ಲಿ, ಸಾಧ್ಯ ಇರೋ ಕಡೆ ಬೆಳಿಗ್ಗೆ ಜಮಾ ಮಾಡಿಸ್ಕೊಂಡು ಸಂಜೆ ಕೊಡಿ, ಕ್ಲಾಸಲ್ಲಿ ಬಳಸೋದು ಬೇಡ, ಸ್ಕೂಲಲ್ಲಿ ಫೋಟೋ ರೆಕಾರ್ಡಿಂಗ್ ಬೇಡ, ನಿಯಮ ಮಾಡುವಾಗ ಪೋಷಕರನ್ನೂ ಮೇಷ್ಟ್ರುಗಳನ್ನೂ ಕೇಳಿ ಮಾಡಿ, ಶಿಕ್ಷೆ ಅತಿಯಾಗಬಾರದು, ಹೀಗೆ. ಅದು ದೆಹಲಿಯ ಆದೇಶ, ನಮ್ಮ ರಾಜ್ಯಕ್ಕೆ ಕಟ್ಟಲೆ ಅಲ್ಲ, ಆದ್ರೆ ಸಭೆಲಿ ಮುಂದಿಟ್ಕೊಂಡು ಮಾತಾಡಕ್ಕೆ ಇದಕ್ಕಿಂತ ಒಳ್ಳೇ ಕಾಗದ ನಂಗೆ ಸಿಕ್ಕಿಲ್ಲ.

ಎರಡು: ಆಫ್ ಮಾಡಿ ಬ್ಯಾಗಲ್ಲಿ ಇಟ್ಕೊಳ್ಳಿ

ತುಂಬಾ ಸ್ಕೂಲುಗಳು ಆರಿಸ್ಕೊಳ್ಳೋದು ಇದನ್ನೇ, ಯಾಕಂದ್ರೆ ಖರ್ಚಿಲ್ಲ, ಯಾರೂ ಜಗಳ ಮಾಡಲ್ಲ, ಅಪ್ಪ ಅಮ್ಮನಿಗೂ ಸಮಾಧಾನ. ನನ್ನ ಅನುಭವದಲ್ಲಿ ಇರೋದ್ರಲ್ಲೆಲ್ಲಾ ಕೆಟ್ಟದ್ದು ಇದು.

ಯಾಕೆ ಅಂದ್ರೆ ಫೋನು ಬ್ಯಾಗಲ್ಲಿದೆ ಅಂದ್ರೆ ಅದು ಮಗುವಿನ ಕೈಯಲ್ಲೇ ಇದೆ ಅಂತ ಅರ್ಥ, ಅದನ್ನ ಕಾಯೋ ಕೆಲಸ ಪ್ರತಿ ಪೀರಿಯಡ್ಡಲ್ಲಿ ಪ್ರತಿ ಮೇಷ್ಟ್ರ ತಲೆಗೆ ಬೀಳುತ್ತೆ. ದಿನಕ್ಕೆ ಏಳು ಪೀರಿಯಡ್, ಏಳು ಜನ ಬೇರೆ ಬೇರೆ ಮೇಷ್ಟ್ರು. ಗಣಿತದವರು ಕಂಡ್ರೆ ಕಿತ್ಕೊಂಡು ಹೆಡ್‌ಮಾಸ್ಟ್ರಿಗೆ ಕೊಡ್ತಾರೆ, ಕನ್ನಡದವರು "ಇಡಪ್ಪಾ ಒಳಗೆ" ಅಂತ ಬಿಡ್ತಾರೆ, ಹೊಸದಾಗಿ ಬಂದ ಅತಿಥಿ ಶಿಕ್ಷಕರಿಗೆ ಹುಡುಗರನ್ನ ಎದುರು ಹಾಕ್ಕೊಳ್ಳೋ ಧೈರ್ಯ ಇರಲ್ಲ, ಒಂದೇ ವಾರದಲ್ಲಿ ಮಕ್ಕಳಿಗೆ ಯಾರ ಪೀರಿಯಡ್ಡಲ್ಲಿ ತೆಗೀಬಹುದು ಅನ್ನೋದು ಟೈಮ್‌ಟೇಬಲ್ ಥರ ಬಾಯಿಪಾಠ ಆಗಿರುತ್ತೆ. ಒಂದು ಸಲ ನಾನು ಒಂಬತ್ತನೇ ಕ್ಲಾಸಲ್ಲಿ ಪರಮಾಣು ರಚನೆ ಪಾಠ ಮಾಡ್ತಿದ್ದಾಗ ಕೊನೇ ಬೆಂಚಿನ ಬ್ಯಾಗೊಂದು ಡೆಸ್ಕಿನೊಳಗೆ ಗುಂಯ್ ಅಂತು, ಆ ಹುಡುಗ ನೋಡ್ಲಿಲ್ಲ, ಆದ್ರೆ ಸುತ್ತ ಇದ್ದ ಎಂಟು ಮಕ್ಕಳು ತಿರುಗಿದ್ರು, ನಾನು ಬೋರ್ಡಿಂದ ತಿರುಗಿದೆ, ಯಾರದ್ದು ಅಂತ ಕೇಳ್ದೆ, ಯಾರೂ ಹೇಳ್ಲಿಲ್ಲ, ಎರಡು ನಿಮಿಷ ಆಯ್ತು, ಮತ್ತೆ ಪಾಠಕ್ಕೆ ಬಂದ್ರೆ ಎಲೆಕ್ಟ್ರಾನ್ ಎಲ್ಲಿಗೆ ಬಂದಿತ್ತು ಅನ್ನೋದೇ ಕ್ಲಾಸಿಗೆ ಮರೆತು ಹೋಗಿತ್ತು. ಫೋನ್ ಬಳಸಿದವನಿಗಿಂತ ಪಕ್ಕದವನಿಗೆ ಆಗೋ ನಷ್ಟ ಇದು. ಬೇರೆ ಬೇರೆ ದೇಶದ 15 ವರ್ಷದ ಮಕ್ಕಳ ಕಲಿಕೆ ಅಳೆಯೋ 2022ರ ಪಿಸಾ ಸಮೀಕ್ಷೆಯಲ್ಲಿ, ಇಂಡಿಯಾ ಅದ್ರಲ್ಲಿ ಇರ್ಲಿಲ್ಲ, ಮುಂದುವರಿದ ದೇಶಗಳ ಸರಾಸರಿ ನೋಡಿದ್ರೆ 100ಕ್ಕೆ 65 ಮಕ್ಕಳು ಗಣಿತದ ಕೆಲವು ಕ್ಲಾಸಲ್ಲಾದ್ರೂ ಇಂಥ ಸಾಧನ ಬಳಸಿ ಗಮನ ತಪ್ಪುತ್ತೆ ಅಂದಿದ್ರು, 59 ಮಕ್ಕಳು ಬೇರೆಯವರು ಬಳಸೋದ್ರಿಂದ ನಮ್ಮ ಗಮನ ತಪ್ಪುತ್ತೆ ಅಂದಿದ್ರು. ಎರಡನೇ ಸಂಖ್ಯೆ ನಂಗೆ ಮೊದಲನೇದಕ್ಕಿಂತ ಮುಖ್ಯ ಅನ್ಸುತ್ತೆ.

ಫ್ರಾನ್ಸಿನ ಕಥೆ ಇಲ್ಲಿ ಕೇಳ್ಬೇಕು. ಅಲ್ಲಿ 2018ರಲ್ಲೇ ಕಾನೂನು ಮಾಡಿ ಸುಮಾರು 15 ವರ್ಷದವರೆಗಿನ ಮಕ್ಕಳು ಸ್ಕೂಲಲ್ಲಿ ಫೋನ್ ಬಳಸೋ ಹಾಗಿಲ್ಲ ಅಂದ್ರು. ಆದ್ರೆ ಕಾನೂನು ನಿಲ್ಸಿದ್ದು ಬಳಕೆನ, ಫೋನು ಎಷ್ಟೋ ಕಡೆ ಬ್ಯಾಗಲ್ಲೇ ಉಳೀತು. ಆರು ವರ್ಷ ಆದ್ಮೇಲೆ 2024ರ ಸೆಪ್ಟೆಂಬರಲ್ಲಿ ಅದೇ ಸರ್ಕಾರ ಸುಮಾರು 200 ಸ್ಕೂಲುಗಳಲ್ಲಿ ಹೊಸ ಪ್ರಯೋಗ ಶುರು ಮಾಡ್ತು, ಈ ಸಲ ಮಗು ಒಳಗೆ ಬಂದ ತಕ್ಷಣ ಫೋನನ್ನ ಮಗುವಿಂದ ಬೇರೆ ಮಾಡಿ ಎತ್ತಿಡೋದು. ದೇಶಕ್ಕೇ ಕಾನೂನಿದ್ದ ಕಡೆ ಬ್ಯಾಗಿನ ನಿಯಮ ಸಾಕಾಗ್ಲಿಲ್ಲ ಅಂದ್ಮೇಲೆ ನಮ್ಮ ಸುತ್ತೋಲೆಗೆ ಎಷ್ಟು ಬಲ ಇರುತ್ತೆ ನೀವೇ ಯೋಚ್ನೆ ಮಾಡಿ.

ಮೂರು: ಬೆಳಿಗ್ಗೆ ಜಮಾ, ಸಂಜೆ ವಾಪಸ್

ನಾನು ಒಪ್ಪೋದು ಇದು. ಆದ್ರೆ ಇದ್ರಲ್ಲಿ ಕೆಲಸ ಇದೆ, ಆ ಕೆಲಸ ಸರಿಯಾಗಿ ಹಂಚ್ಕೊಳ್ದಿದ್ರೆ ಎರಡು ತಿಂಗಳಲ್ಲಿ ನಿಂತು ಹೋಗುತ್ತೆ, ಅದಕ್ಕೆ ನಾವು ಮಾಡೋ ರೀತಿ ಸ್ವಲ್ಪ ವಿವರವಾಗಿ ಹೇಳ್ತೀನಿ.

ವರ್ಷದ ಶುರುವಲ್ಲಿ ಫೋನ್ ತರಲೇಬೇಕು ಅನ್ನೋ ಮಕ್ಕಳ ಮನೆಯವರಿಂದ ಒಂದು ಚೀಟಿ ಬರೆಸ್ಕೊಳ್ತೀವಿ, ಯಾಕೆ ಬೇಕು, ಯಾವ ಕಂಪನಿ ಫೋನು, ಏನು ಬಣ್ಣ, ಸ್ಕ್ರೀನಲ್ಲಿ ಈಗಾಗ್ಲೇ ಬಿರುಕು ಇದ್ಯಾ. ಈ ಬಿರುಕಿನ ವಿಷಯ ಚಿಕ್ಕದು ಅನ್ಸಬಹುದು, ಮೊದಲನೇ ವರ್ಷ ನಾವು ಬರೆಸ್ಕೊಳ್ಳದೇ ಒಬ್ರು ಅಪ್ಪ "ನಿಮ್ಮ ಹತ್ರ ಕೊಟ್ಟಾಗ ಚೆನ್ನಾಗಿತ್ತು" ಅಂತ ಬಂದಾಗ ಉತ್ತರ ಕೊಡಕ್ಕಾಗ್ಲಿಲ್ಲ, ಸ್ಟಾಫೆಲ್ಲಾ ಸೇರಿ ದುಡ್ಡು ಹಾಕಿ ಗ್ಲಾಸ್ ಹಾಕಿಸ್ಕೊಟ್ವಿ. ಕಳೆದ ವರ್ಷ ಹೀಗೆ ಚೀಟಿ ಕೊಟ್ಟಿದ್ದು 61 ಮಕ್ಕಳು, ಅಂದ್ರೆ ಐದರಲ್ಲಿ ಒಬ್ರು, ಅದ್ರಲ್ಲಿ ಹೆಚ್ಚಿನವರು ಹತ್ತನೇ ಕ್ಲಾಸು.

ಪ್ರತಿ ಸೆಕ್ಷನ್ನಿಗೆ ಒಂದು ಬಟ್ಟೆ ಸಂಚಿ ಇದೆ, ಊರಿನ ಟೈಲರ್ ಹತ್ರ ದಪ್ಪ ಕಾಡಾ ಬಟ್ಟೇಲಿ ಹೊಲಿಸಿದ್ದು, ಅಂಚೆ ಕಚೇರಿಯ ಗೂಡುಗಳ ಥರ ಸಾಲಾಗಿ ಜೇಬುಗಳು, ಒಂದೊಂದು ಜೇಬಿನ ಮೇಲೂ ರೋಲ್ ನಂಬರು. ಪ್ರಾರ್ಥನೆ ಮುಗಿದು ಕ್ಲಾಸಿಗೆ ಬಂದ್ಮೇಲೆ ಹಾಜರಿ ಕೂಗೋ ಹೊತ್ತಲ್ಲೇ ಮಕ್ಕಳು ಬಂದು ಫೋನ್ ಆಫ್ ಮಾಡಿ ಅವರವರ ಜೇಬಿಗೆ ಹಾಕ್ತಾರೆ, ನಾನು ಹಾಜರಿ ಪುಸ್ತಕದಲ್ಲೇ ಅವರ ಹೆಸರ ಪಕ್ಕ ಒಂದು ಚುಕ್ಕೆ ಇಡ್ತೀನಿ. 42 ಮಕ್ಕಳ ಕ್ಲಾಸಲ್ಲಿ 15 ಫೋನ್ ಇದ್ರೆ ಮೂರು ನಿಮಿಷಕ್ಕೆ ಮುಗಿಯುತ್ತೆ. ಸಂಚಿ ಸುತ್ತಿ ಲೀಡರ್ ಕೈಲಿ ಆಫೀಸಿಗೆ ಹೋಗುತ್ತೆ, ಅಲ್ಲಿ ಬೀರೂಲಿ ಇಟ್ಟು ಬೀಗ. ಬೀಗದ ಕೈ ಎರಡು ಇರ್ಲೇಬೇಕು, ಗುಮಾಸ್ತರು ರಜ ಹಾಕಿದ ದಿನ ಒಂದೇ ಕೀ ಅವರ ಮನೇಲಿ ಉಳ್ಕೊಂಡ್ರೆ ಏನಾಗುತ್ತೆ ಅಂತ ನಾವು ಒಂದು ಶನಿವಾರ ಅನುಭವಿಸಿದೀವಿ.

ವಾಪಸ್ ಕೊಡೋದು ಮಾತ್ರ ಆಫೀಸಲ್ಲಿ ಇಟ್ಕೋಬೇಡಿ. ಶುರುವಲ್ಲಿ ನಾವು ಹಾಗೆ ಮಾಡಿದ್ವಿ, ಸಂಜೆ 4.20ಕ್ಕೆ ಬೆಲ್ಲು, 4.35ಕ್ಕೆ ಬಸ್ಸು, ಒಂದು ಚಿಕ್ಕ ಬಾಗಿಲ ಮುಂದೆ ಅಷ್ಟೂ ಮಕ್ಕಳು ನೂಕ್ಕೊಂಡು ನಿಂತಿದ್ದು ನೋಡಿ ನಂಗೆ ಭಯ ಆಯ್ತು, ಆ ದಿನವೇ ಇಬ್ರ ಫೋನ್ ಅದಲು ಬದಲಾಗಿತ್ತು. ಈಗ ಕೊನೇ ಪೀರಿಯಡ್ಡಿನ ಕೊನೇ ಐದು ನಿಮಿಷದಲ್ಲಿ ಸಂಚಿ ಕ್ಲಾಸಿಗೇ ಬರುತ್ತೆ, ರೋಲ್ ನಂಬರ್ ಕೂಗಿ ಕೊಡ್ತೀವಿ, ಗೇಟ್ ದಾಟೋವರೆಗೆ ಆನ್ ಮಾಡೋ ಹಾಗಿಲ್ಲ.

ಇನ್ನು ಮಕ್ಕಳು ಇದನ್ನ ಹೇಗೆ ತಪ್ಪಿಸ್ಕೊಳ್ತಾರೆ ಅಂತಲೂ ಹೇಳ್ಬೇಕು. ಮನೇಲಿ ಮೂಲೆಗೆ ಬಿದ್ದಿರೋ ಸತ್ತ ಫೋನನ್ನ ತಂದು ಜೇಬಿಗೆ ಹಾಕೋದು, ನಿಜವಾದ ಫೋನು ಟಿಫಿನ್ ಬ್ಯಾಗಲ್ಲಿ. ಇದು ಗೊತ್ತಾಗೋಕೆ ಬ್ಯಾಗ್ ಜಾಲಾಡ್ಬೇಕಿಲ್ಲ, ಆಫ್ ಮಾಡೋ ಮೊದಲು ಒಂದು ಸಲ ಸ್ಕ್ರೀನ್ ಬೆಳಗಿಸಿ ತೋರ್ಸು ಅಂದ್ರೆ ಸಾಕು, ಸತ್ತ ಫೋನು ಬೆಳಗಲ್ಲ. ಇನ್ನೊಂದು, ತಿಂಗಳಿಗೊಂದು ಸಲ ಚುಕ್ಕೆಗಳನ್ನ ಎಣಿಸಿ. ನಮ್ಮಲ್ಲಿ ಜೂನಲ್ಲಿ ದಿನಾ 58 ಬರ್ತಿದ್ದಿದ್ದು ಆಗಸ್ಟಲ್ಲಿ 40ಕ್ಕೆ ಇಳೀತು, ಮಕ್ಕಳು ತರೋದು ಬಿಟ್ಟಿದಾರೆ ಅಂತ ನಾವು ಸಂತೋಷ ಪಡೋಕೆ ಹೋಗ್ಲಿಲ್ಲ, ಹಿಂದೆ ಅಂಗಡಿ ಪಾಠ ಕಲ್ತಿದ್ವಲ್ಲ. ವಿಚಾರಿಸಿದ್ರೆ ಕೆಲವರು ನಿಜವಾಗ್ಲೂ ಬಿಟ್ಟಿದ್ರು, ಎಂಟು ಜನ ಮಾತ್ರ ಬ್ಯಾಗಲ್ಲೇ ಇಟ್ಕೊಳ್ತಿದ್ರು, ಎಲ್ಲಾ ಒಂದೇ ಸೆಕ್ಷನ್ನು, ಆ ಸೆಕ್ಷನ್ನಿನ ಕ್ಲಾಸ್ ಟೀಚರ್ ಹೆರಿಗೆ ರಜದಲ್ಲಿ ಇದ್ರು, ಬದಲಿಗೆ ಬಂದವರಿಗೆ ಸಂಚಿ ಬಗ್ಗೆ ನಾವ್ಯಾರೂ ಹೇಳೇ ಇರ್ಲಿಲ್ಲ. ತಪ್ಪು ನಮ್ಮದು.

ಸಿಕ್ಕಿಬಿದ್ರೆ ಏನು ಅನ್ನೋದನ್ನ ಮೊದಲೇ ಬರೆದಿಡಿ. ನಮ್ಮಲ್ಲಿ ಫೋನ್ ಆಫೀಸಿಗೆ ಹೋಗುತ್ತೆ, ಅವತ್ತೇ ಸಂಜೆ ಇಲ್ಲಾ ಮಾರನೇ ದಿನ ಮನೆಯವರು ಬಂದು ತಗೊಂಡು ಹೋಗ್ಬೇಕು, ದಂಡ ಇಲ್ಲ, ವಾರಗಟ್ಟಲೆ ಇಟ್ಕೊಳ್ಳೋದಿಲ್ಲ. ತುಂಬಾ ಮನೆಗಳಲ್ಲಿ ಅದೊಂದೇ ಫೋನು ಇರೋದು, ಅದ್ರಲ್ಲೇ ಅಪ್ಪನ ಕೂಲಿ ದುಡ್ಡು ಬರೋದು, ಗ್ಯಾಸ್ ಬುಕ್ ಮಾಡೋದು, ಒಂದು ವಾರ ಬೀರೂಲಿ ಇಟ್ರೆ ಶಿಕ್ಷೆ ಆಗೋದು ಮಗುವಿಗಲ್ಲ. ಮತ್ತೆ ಯಾವ ಕಾರಣಕ್ಕೂ ಮಗುವಿನ ಫೋನ್ ಬಿಚ್ಚಿ ಮೆಸೇಜು ಫೋಟೋ ನೋಡ್ಬೇಡಿ, ಮೇಷ್ಟ್ರಾದ್ರೂ ಸರಿ ಹೆಡ್‌ಮಾಸ್ಟ್ರಾದ್ರೂ ಸರಿ. ಅನುಮಾನ ಇದ್ರೆ ಮನೆಯವರನ್ನ ಕರೆಸಿ ಅವರ ಮುಂದೆ ಮಾತಾಡಿ.

ಹೊರದೇಶಗಳಲ್ಲಿ ಬೀಗ ಹಾಕೋ ಚೀಲ ಬಂದಿದೆ, ಫೋನ್ ಮಗುವಿನ ಹತ್ರವೇ ಇರುತ್ತೆ ಆದ್ರೆ ಚೀಲದ ಬಾಯಿಗೆ ಆಯಸ್ಕಾಂತದ ಬೀಗ, ಸಂಜೆ ಗೇಟಲ್ಲಿರೋ ಒಂದು ಬಿಲ್ಲೆಗೆ ತಾಗಿಸಿದ್ರೆ ಬಿಚ್ಚುತ್ತೆ. ಒಂದಕ್ಕೇ ನಮ್ಮ ದುಡ್ಡಲ್ಲಿ ಎರಡು ಸಾವಿರ ದಾಟುತ್ತೆ. ನಮ್ಮಂಥ ಸ್ಕೂಲಿಗೆ ಅದು ಬೇಡ, ಒಂದು ಸೆಕ್ಷನ್ನಿನ ಸಂಚಿ ಹೊಲಿಸಕ್ಕೆ ನಮಗೆ ಆಗಿದ್ದು 450 ರೂಪಾಯಿ.

ಸುರಕ್ಷತೆ ಅಂದ್ರೆ ಯಾವ ಹೊತ್ತಿನ ಸುರಕ್ಷತೆ?

ಸಭೆಲಿ ಅಮ್ಮಂದಿರು ಕೇಳೋ ಪ್ರಶ್ನೆಯನ್ನ ಬಿಡಿಸಿ ನೋಡಿದ್ರೆ ಭಯ ಇರೋದು ದಾರಿಯಲ್ಲಿ. ಬಸ್ ತಪ್ಪೋದು, ಮಳೆಗೆ ಹಳ್ಳ ತುಂಬಿ ರಸ್ತೆ ನಿಲ್ಲೋದು, ಸ್ಪೆಷಲ್ ಕ್ಲಾಸ್ ಲೇಟಾಗೋದು, ಯಾರೋ ಹಿಂದೆ ಬರೋದು. ಇದಕ್ಕೆಲ್ಲಾ ಫೋನ್ ಬೇಕು, ಸ್ಮಾರ್ಟ್‌ಫೋನೇ ಬೇಕು ಅಂತಿಲ್ಲ, ಕೀಪ್ಯಾಡ್ ಫೋನ್ ಸಾಕು, ಚಾರ್ಜು ನಾಲ್ಕು ದಿನ ಬರುತ್ತೆ, ಕ್ಯಾಮೆರಾ ರೀಲ್ಸು ಗೇಮು ಯಾವ ತಲೆನೋವೂ ಇಲ್ಲ. ಮನೆಯವರು ಒಪ್ಪಿದ್ರೆ ನಾನು ಮೊದಲು ಹೇಳೋದು ಇದನ್ನೇ, ಜಮಾ ಮಾತ್ರ ಅದನ್ನೂ ಮಾಡ್ಬೇಕು.

ಸ್ಕೂಲಿನ ಒಳಗೆ ಇದ್ದಾಗ ಮಗುವಿನ ಕೈಲಿ ಫೋನ್ ಇದ್ರೆ ಸುರಕ್ಷತೆ ಜಾಸ್ತಿ ಅನ್ನೋದನ್ನ ನಾನು ಒಪ್ಪಲ್ಲ. ಬ್ಯಾಗಿನ ನಿಯಮ ಇದ್ದಾಗ ಒಬ್ಬ ಹುಡುಗ ಹೊಟ್ಟೆ ನೋವು ಅಂತ ಟಾಯ್ಲೆಟ್ಟಿಂದ ನೇರವಾಗಿ ಅಪ್ಪನಿಗೆ ಫೋನ್ ಮಾಡಿದ್ದ, ಅವರು ಗಾರೆ ಕೆಲಸ ಬಿಟ್ಟು 14 ಕಿಲೋಮೀಟರ್ ಬೈಕಲ್ಲಿ ಉಸಿರು ಬಿಗಿ ಹಿಡ್ಕೊಂಡು ಬಂದು ಆಫೀಸಲ್ಲಿ ನಿಂತು "ನನ್ ಮಗ ಎಲ್ಲಿ" ಅಂದಾಗ ನಮಗೆ ಯಾರಿಗೂ ಗೊತ್ತೇ ಇಲ್ಲ, ಹುಡುಗ ಅಷ್ಟೊತ್ತು ಒಬ್ಬನೇ ಟಾಯ್ಲೆಟ್ ಕಟ್ಟೆ ಮೇಲೆ ಕೂತಿದ್ದ. ಅವನ ಹತ್ರ ಫೋನ್ ಇಲ್ದೇ ಇದ್ದಿದ್ರೆ ಪಕ್ಕದ ಕ್ಲಾಸಿನ ಮೇಡಂ ಹತ್ರ ಹೋಗಿರ್ತಿದ್ದ, ಹತ್ತು ನಿಮಿಷದಲ್ಲಿ ಎದುರಿನ ಆಸ್ಪತ್ರೇಲಿ ಇರ್ತಿದ್ದ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಸ್ಕೂಲುಗಳಿಗೆ ಹುಸಿ ಬಾಂಬ್ ಈಮೇಲ್ ಬಂದಾಗ ಅಪ್ಪ ಅಮ್ಮಂದಿರು ಎದ್ದು ಬಿದ್ದು ಓಡಿ ಗೇಟಲ್ಲಿ ಜಮಾಯಿಸಿದ್ದು ನೆನಪಿರಬಹುದು. ಅಂಥ ಹೊತ್ತಲ್ಲಿ ಬೇಕಾಗಿದ್ದು ಮಕ್ಕಳನ್ನ ಎಲ್ಲಿ ನಿಲ್ಲಿಸಿದೀವಿ, ಯಾವ ಗೇಟಿಗೆ ಬರ್ಬೇಕು ಅಂತ ಸ್ಕೂಲಿಂದ ಒಂದು ಸ್ಪಷ್ಟ ಮೆಸೇಜು. ಸಾವಿರ ಮಕ್ಕಳು ಸಾವಿರ ಥರ ಫೋನ್ ಮಾಡಿ ಅಳೋದ್ರಿಂದ ಯಾರಿಗೂ ದಾರಿ ತಿಳಿಯಲ್ಲ.

ಆದ್ರೆ ಇದನ್ನ ಹೇಳೋ ಹಕ್ಕು ಯಾವ ಸ್ಕೂಲಿಗೆ ಇದೆ ಅಂದ್ರೆ, ಫೋನ್ ಮಾಡಿದ್ರೆ ಎತ್ತೋ ಸ್ಕೂಲಿಗೆ. ನೀವು ಮಕ್ಕಳ ಫೋನ್ ಇಸ್ಕೊಂಡು ಆಫೀಸ್ ಫೋನ್ ಎತ್ತದೇ ಇದ್ರೆ ಪೋಷಕರು ನಿಮ್ಮನ್ನ ನಂಬ್ಬಾರ್ದು. ನಾವು ಆಫೀಸಿಗೇ ಅಂತ ಒಂದು ಬೇರೆ ನಂಬರ್ ತಗೊಂಡು ಡೈರಿ ಮೊದಲನೇ ಪುಟದಲ್ಲಿ ಅಚ್ಚು ಹಾಕ್ಸಿದೀವಿ, ಸ್ಪೆಷಲ್ ಕ್ಲಾಸ್ ನಡೆಯೋ ದಿನ ಆರೂವರೆವರೆಗೂ ಅದು ಒಬ್ಬ ಮೇಷ್ಟ್ರ ಕೈಲಿ ಇರುತ್ತೆ.

ಜಮಾ ನಿಯಮಕ್ಕೆ ವಿನಾಯಿತಿ ಇರ್ಲೇಬೇಕಾದ ಮಕ್ಕಳೂ ಇದಾರೆ. ಟೈಪ್ 1 ಸಕ್ಕರೆ ಕಾಯಿಲೆ ಇರೋ ಕೆಲವು ಮಕ್ಕಳಿಗೆ ತೋಳಿಗೆ ಅಂಟಿಸೋ ಸೆನ್ಸರ್ ಇರುತ್ತೆ, ಸಕ್ಕರೆ ಇಳಿದ್ರೆ ಎಚ್ಚರಿಸೋದು ಫೋನೇ, ಅದನ್ನ ಬೀರೂಗೆ ಹಾಕಿದ್ರೆ ಆ ಎಚ್ಚರಿಕೆ ಬೀರೂಲಿ ಬಡ್ಕೊಳ್ಳುತ್ತೆ. ಕಣ್ಣು ಕಾಣಿಸದ, ಕಿವಿ ಕೇಳದ ಮಕ್ಕಳಿಗೆ ಫೋನು ಕನ್ನಡಕದ ಥರ. ಇಂಥವರ ಹೆಸರು ಎಲ್ಲಾ ಮೇಷ್ಟ್ರಿಗೂ ಗೊತ್ತಿರ್ಲಿ, ಪ್ರತಿ ಸಲ ಆ ಮಗು ಎದ್ದು ನಿಂತು ತನ್ನ ಕಾಯಿಲೆ ಹೇಳ್ಕೊಳ್ಳೋ ಹಾಗೆ ಮಾಡ್ಬೇಡಿ. ಬ್ರೆಜಿಲ್ 2025ರ ಜನವರಿಲಿ ಮಾಡಿದ ಕಾನೂನಲ್ಲೂ ಪಾಠದ ಬಳಕೆ, ಆರೋಗ್ಯ, ಅಂಗವಿಕಲತೆ ಇವುಗಳಿಗೆ ಜಾಗ ಇಟ್ಟೇ ನಿಷೇಧ ಮಾಡಿದಾರೆ.

ಕಲಿಕೆಗೆ ಬೇಕಲ್ಲ ಅಂದ್ರೆ

ವಿಜ್ಞಾನದ ಮೇಷ್ಟ್ರಾಗಿ ನಂಗೆ ಫೋನ್ ಇಷ್ಟ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಸರ್ಕಾರದ ದೀಕ್ಷಾ ಆ್ಯಪಲ್ಲಿ ಪಾಠದ ವಿಡಿಯೋ ಬರುತ್ತೆ, ಬೀಳೋ ಚೆಂಡನ್ನ ಸ್ಲೋ ಮೋಷನ್ನಲ್ಲಿ ಹಿಡಿದು ತೋರ್ಸಿದ್ರೆ ವೇಗೋತ್ಕರ್ಷ ಅಂದ್ರೇನು ಅಂತ ಮಕ್ಕಳಿಗೆ ಕಣ್ಣಿಗೇ ಕಾಣುತ್ತೆ. ಅದಕ್ಕೇ ಒಂದು ಸಲ ಪರ್ಮಿಷನ್ ತಗೊಂಡು "ನಾಳೆ ಎಲ್ಲಾ ಫೋನ್ ತನ್ನಿ" ಅಂದೆ. 40 ನಿಮಿಷದ ಪೀರಿಯಡ್ಡು, ಗುಂಪು ಮಾಡಿ ಫೋನ್ ತೆಗೆಸೋಕೆ ಆರು ನಿಮಿಷ, ಮೂರು ಗುಂಪಲ್ಲಿ ಡೇಟಾ ಖಾಲಿ, ಒಬ್ಬನ ಫೋನಲ್ಲಿ ಜಾಗ ಇಲ್ಲ ಅಂತ ವಿಡಿಯೋ ಸೇವ್ ಆಗ್ತಿಲ್ಲ, ಒಂದು ಗುಂಪು ಚೆಂಡಿನ ಬದಲು ಪಕ್ಕದ ಬೆಂಚಿನ ಹುಡುಗಿಯ ವಿಡಿಯೋ ತೆಗೀತಾ ಕೂತಿತ್ತು, ಆ ಮಗು ಅತ್ತಿತು. ನಿಜವಾಗಿ ಪಾಠ ನಡೆದಿದ್ದು ಹದಿನೈದು ನಿಮಿಷ. ಫೋನ್ ಇಲ್ಲದ ಮಕ್ಕಳು ಗುಂಪಿನ ಹಿಂದೆ ಇಣುಕ್ತಾ ನಿಂತಿದ್ರು, ಅದು ನಂಗೆ ಇವತ್ತಿಗೂ ಕಾಡುತ್ತೆ.

ಈಗ ಮಾಡೋದು ಬೇರೆ. ಹಳೇ ವಿದ್ಯಾರ್ಥಿಗಳು ಕೊಡ್ಸಿದ ಆರು ಟ್ಯಾಬ್ ಸ್ಕೂಲಿನದ್ದೇ ಇವೆ, ಸಿಮ್ ಇಲ್ಲ, ದೀಕ್ಷಾದ ವಿಡಿಯೋಗಳನ್ನ ಹಿಂದಿನ ದಿನವೇ ಡೌನ್‌ಲೋಡ್ ಮಾಡಿಡ್ತೀನಿ, ಏಳು ಮಕ್ಕಳಿಗೆ ಒಂದು. ಅದೇ ಚೆಂಡಿನ ಪಾಠ ಈಗ ಮೂವತ್ತು ನಿಮಿಷ ಸಿಗುತ್ತೆ. ಟ್ಯಾಬ್ ಇಲ್ದಿದ್ರೆ ಮೇಷ್ಟ್ರ ಒಂದು ಫೋನು, ಒಂದು ಪ್ರೊಜೆಕ್ಟರ್ ಸಾಕು. ಕಲಿಕೆಗೆ ಬೇಕಾಗಿರೋದು ಕ್ಲಾಸಲ್ಲಿ ಒಂದಿಷ್ಟು ಪರದೆ, ಅದು ಮಕ್ಕಳ ಸ್ವಂತ ಫೋನೇ ಆಗ್ಬೇಕಿಲ್ಲ. ಮಕ್ಕಳ ಕೈಗೆ ಸಿಕ್ಕ ಫೋನ್ ಯಾವುದಕ್ಕೆ ಓಡುತ್ತೆ ಅನ್ನೋದು ಹಳ್ಳಿ ಮಕ್ಕಳ ಕಲಿಕೆ ಬಗ್ಗೆ ಸಮೀಕ್ಷೆ ಮಾಡೋ ಅಸರ್‌ನವರ 2024ರ ವರದಿಲೇ ಇದೆ, ಹಳ್ಳಿ ಕಡೆಯ 14ರಿಂದ 16 ವರ್ಷದ, ಸ್ಮಾರ್ಟ್‌ಫೋನ್ ಬಳಸೋಕೆ ಬರೋ ಮಕ್ಕಳಲ್ಲಿ ಹಿಂದಿನ ವಾರ ಓದಿಗೆ ಅಂತ ಬಳಸಿದವರು 100ಕ್ಕೆ 57, ಸೋಶಿಯಲ್ ಮೀಡಿಯಾಗೆ ಬಳಸಿದವರು 76.

ಇಲ್ಲಿ ನಮ್ಮದೂ ಒಂದು ತಪ್ಪಿದೆ. "ಹೋಂವರ್ಕ್ ಗ್ರೂಪಲ್ಲಿ ಹಾಕಿದೀನಿ ನೋಡ್ಕೊಳ್ಳಿ" ಅಂತ ನಾವೇ ಹೇಳಿ ಮಕ್ಕಳ ಕೈಗೆ ರಾತ್ರಿ ಫೋನ್ ಕೊಡ್ಸಿದೀವಿ. ಬೋರ್ಡ್ ಮೇಲೆ ಬರೆದು ಡೈರಿಗೆ ಬರೆಸಿದ್ರೆ ಆಗೋ ಕೆಲಸ ಅದು, ಜಮಾ ನಿಯಮ ತರೋ ಸ್ಕೂಲು ಮೊದಲು ಇದನ್ನ ನಿಲ್ಲಿಸ್ಲಿ.

ಇಷ್ಟೆಲ್ಲಾ ಮಾಡಿದ್ರೆ ಮಾರ್ಕ್ಸ್ ಜಾಸ್ತಿ ಆಗುತ್ತಾ?

ಎಲ್ರಿಗೂ ಆಗಲ್ಲ. ಇಂಗ್ಲೆಂಡಿನ ನಾಲ್ಕು ನಗರಗಳ 91 ಸ್ಕೂಲುಗಳನ್ನ ನೋಡಿದ ಒಂದು ಅಧ್ಯಯನ ಇದೆ, 2015ರದ್ದು, ಬ್ಯಾನ್ ಆದ್ಮೇಲೆ ಪರೀಕ್ಷೆ ಅಂಕ ಸ್ವಲ್ಪ ಏರ್ತು, ಆದ್ರೆ ಆ ಏರಿಕೆ ಬಂದಿದ್ದು ಓದಲ್ಲಿ ಹಿಂದಿದ್ದ ಮಕ್ಕಳಿಂದ, ಮುಂದಿದ್ದವರಿಗೆ ಏನೂ ವ್ಯತ್ಯಾಸ ಆಗ್ಲಿಲ್ಲ. ಸ್ವೀಡನ್ನಲ್ಲಿ ಅದೇ ರೀತಿ ಲೆಕ್ಕ ಹಾಕಿ ನೋಡಿದ್ರೆ ಅಂಕದಲ್ಲಿ ಏನೂ ಕಾಣ್ಲಿಲ್ಲ. 2025ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 30 ಸ್ಕೂಲಿನ 1,227 ಮಕ್ಕಳನ್ನ ಹೋಲಿಸಿ ನೋಡಿದಾಗ, ಬಿಗಿ ನಿಯಮ ಇರೋ ಸ್ಕೂಲಲ್ಲಿ ಸ್ಕೂಲ್ ಹೊತ್ತಿನ ಬಳಕೆ ಕಮ್ಮಿ ಆಗಿತ್ತು, ಆದ್ರೆ ಇಡೀ ದಿನದ ಒಟ್ಟು ಬಳಕೆ ಕಮ್ಮಿ ಆಗಿರ್ಲಿಲ್ಲ, ಮನಸ್ಸಿನ ಆರೋಗ್ಯದಲ್ಲೂ ವ್ಯತ್ಯಾಸ ಇರ್ಲಿಲ್ಲ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಮನೇಲಿ ಏನು ನಡಿಯುತ್ತೆ ಅನ್ನೋದು ಸ್ಕೂಲಿನ ಸಂಚಿಗೆ ಸಿಗಲ್ಲ. ಹಾಗಾಗಿ ಸಭೆಲಿ ಪೋಷಕರಿಗೆ "ಫೋನ್ ಇಸ್ಕೊಂಡ್ರೆ ನಿಮ್ಮ ಮಗ ಡಿಸ್ಟಿಂಕ್ಷನ್ ಬರ್ತಾನೆ" ಅಂತ ಮಾತು ಕೊಡ್ಬೇಡಿ. ನಾನು ಕೊಡೋ ಮಾತು ಚಿಕ್ಕದು, 10ರಿಂದ 4.20ರವರೆಗೆ ಪಕ್ಕದವನ ಫೋನು ನಿಮ್ಮ ಮಗಳ ಪಾಠ ಕೆಡಿಸಲ್ಲ, ಅವಳ ಫೋಟೋ ಯಾರೂ ತೆಗಿಯಲ್ಲ, ಓದಲ್ಲಿ ಹಿಂದಿರೋ ಮಕ್ಕಳಿಗೆ ಸ್ವಲ್ಪ ಉಸಿರಾಡೋ ಜಾಗ ಸಿಗುತ್ತೆ.

ಮಧ್ಯಾಹ್ನ ಊಟದ ಬಿಡುವಲ್ಲಿ ನಂಗೆ ವ್ಯತ್ಯಾಸ ಕಾಣುತ್ತೆ. ಬ್ಯಾಗಿನ ನಿಯಮ ಇದ್ದ ವರ್ಷ ಬೇವಿನ ಮರದ ಕಟ್ಟೆ ಮೇಲೆ ನಾಲ್ಕೈದು ಹುಡುಗರು ಒಂದು ಫೋನ್ ಸುತ್ತ ತಲೆ ಬಗ್ಗಿಸ್ಕೊಂಡು ಕೂತಿರ್ತಿದ್ರು, ಮೇಷ್ಟ್ರು ಬಂದ್ರೆ ಸದ್ದಿಲ್ದೇ ಚದುರೋರು. ಈಗ ಅದೇ ಕಟ್ಟೇಲಿ ಹುಡುಗೀರು ಚೌಕಾಬಾರ ಗೆರೆ ಎಳೆದಿದಾರೆ, ಗಲಾಟೆ ಎಷ್ಟು ಅಂದ್ರೆ ಸ್ಟಾಫ್ ರೂಮಲ್ಲಿ ಕೂತು ಪೇಪರ್ ತಿದ್ದಕ್ಕಾಗಲ್ಲ, ಕಿಟಕಿ ಹಾಕ್ಕೊಂಡು ಕೂರ್ತೀನಿ. ಈ ಜೂನ್ ಸಭೆಲಿ ಇನ್ನೊಂದು ಮಾತು ತೆಗೀಬೇಕು ಅಂತಿದೀನಿ, ಕ್ಲಾಸ್ ಟೈಮಲ್ಲಿ ನಮ್ಮ ಸ್ಟಾಫಿನ ಫೋನಿಗೂ ಒಂದು ಸಂಚಿ. ಟೈಲರಿಗೆ ಹೇಳಿ ಆಗಿದೆ, 14 ಜೇಬು, ನಂದು ಮೂರನೇದು.